ಕೋಳಿ, ಮಟನ್, ತರಕಾರಿ: ಸ್ಟಾಕಿಗೆ ಯಾವುದು?

ಕಾರವಾರದ ನಮ್ಮ ಮನೆಯಲ್ಲಿ ಮೀನಿನ ಸಾರೇ ಜಾಸ್ತಿ. ಸೂಪಿಗೆ, ಪುಲಾವಿಗೆ ಮಾತ್ರ ಸ್ಟಾಕ್, ಅಂದರೆ ಮೂಳೆ ಇಲ್ಲವೇ ತರಕಾರಿ ಬೇಯಿಸಿ ಸೋಸಿದ ನೀರು, ಮಾಡಿಡುತ್ತೇನೆ. ಮೂರು ಬಗೆಯದನ್ನೂ ಒಂದೇ ಪಾತ್ರೆಯಲ್ಲಿ ಮಾಡಿ ನೋಡಿದ್ದೇನೆ. ವಾರದ ಅಡುಗೆಗೆ ನನ್ನ ಓಟು ಕೋಳಿಗೆ. ರುಚಿಗೆ ಮಟನ್, ಆದರೆ ಅದು ಅರ್ಧ ದಿನ ತಿನ್ನುತ್ತದೆ.

ಕೋಳಿಯದು ಸುಲಭ. ಒಂದು ಕಿಲೋ ಬೆನ್ನು, ಕುತ್ತಿಗೆ ಮೂಳೆಗೆ ಎರಡು ಲೀಟರ್ ತಣ್ಣೀರು. ನೀರು ಮೆಲ್ಲಗೆ ಕಾದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ಸೌಟಿನಲ್ಲಿ ತೆಗೆಯಬಹುದು. ಕುದಿಯುವ ನೀರಿಗೆ ಹಾಕಿದರೆ ಅದೇ ಕೊಳೆ ಸಣ್ಣ ಚೂರಾಗಿ ಒಳಗೇ ಉಳಿದು ಸ್ಟಾಕ್ ಮಬ್ಬಾಗುತ್ತದೆ. ಮೊದಲ ಅರ್ಧ ಗಂಟೆ ಮಾತ್ರ ಒಲೆ ಬಿಟ್ಟು ಹೋಗಬೇಡಿ. ಮೂರು ಗಂಟೆ ಸಾಕು. ಕೋಳಿಯ ಪಾದ ಎರಡು ಹಾಕಿದರೆ ಫ್ರಿಜ್ಜಿನಲ್ಲಿ ಜೆಲ್ಲಿಯಂತೆ ಗಟ್ಟಿಯಾಗುತ್ತದೆ.

ಮಟನ್ ಮೂಳೆಯಲ್ಲಿ ರಕ್ತ ಜಾಸ್ತಿ, ಹಾಗಾಗಿ ನೊರೆಯೂ ಜಾಸ್ತಿ. ಮೂಳೆ ಮುಳುಗುವಷ್ಟು ನೀರಿನಲ್ಲಿ ಐದು ನಿಮಿಷ ಕುದಿಸಿ, ಆ ನೀರು ಚೆಲ್ಲಿ, ಮೂಳೆಗೆ ಅಂಟಿದ ಬೂದು ಪದರ ಕೈಯಿಂದಲೇ ತಿಕ್ಕಿ ತೊಳೆದುಬಿಡಿ. ಆಮೇಲೆ ಹೊಸ ತಣ್ಣೀರು, ಸಣ್ಣ ಉರಿ, ಐದರಿಂದ ಆರು ಗಂಟೆ.

ಎಲ್ಲ ನಿಂತಿರುವುದು ಈ ಸಣ್ಣ ಉರಿಯ ಮೇಲೆ. ಪಾತ್ರೆಯ ಒಂದು ಅಂಚಿನಲ್ಲಿ ಆಗೊಂದು ಈಗೊಂದು ಗುಳ್ಳೆ ಏಳುತ್ತಿರಬೇಕು, ಅಷ್ಟೇ. ಕೊತಕೊತ ಕುದಿದರೆ ಕೊಬ್ಬು ಒಡೆದು ನೀರಿಗೆ ಸೇರುತ್ತದೆ. ಸ್ಟಾಕ್ ಹಾಲಿನ ಬಣ್ಣಕ್ಕೆ ತಿರುಗಿ, ನಾಲಿಗೆಗೆ ಜಿಡ್ಡು ಹತ್ತುತ್ತದೆ. ಸೋಸಿದರೂ ಅದು ಹೋಗುವುದಿಲ್ಲ. ಗ್ಯಾಸನ್ನು ಅಷ್ಟು ಕಡಿಮೆ ಮಾಡಲು ಆಗದಿದ್ದರೆ ಪಾತ್ರೆಯ ಕೆಳಗೆ ಹಳೇ ಕಬ್ಬಿಣದ ತವಾ ಇಡಿ. ಕಟ್ಟಿಗೆ ಒಲೆಯಾದರೆ ಕೊಳ್ಳಿ ಹೊರಗೆಳೆದು ಕೆಂಡದ ಮೇಲೆ ಬಿಡಬಹುದು. ಮುಚ್ಚಳ ಸ್ವಲ್ಪ ಓರೆಯಾಗಿರಲಿ, ಪೂರ್ತಿ ಮುಚ್ಚಿದರೆ ಸಣ್ಣ ಉರಿಯಲ್ಲೂ ಕುದಿ ಏರುತ್ತದೆ. ಹೀಗೆ ಆದ ಸ್ಟಾಕ್ ತಣ್ಣಗಾದಾಗ ಕೊಬ್ಬು ಮೇಲೆ ಬಿಳಿ ಹಾಳೆಯಂತೆ ಕಟ್ಟುತ್ತದೆ, ಬೆರಳಲ್ಲೇ ಎತ್ತಿಬಿಡಬಹುದು.

ಶಿರಸಿಯಿಂದ ನೆಂಟರು ಬಂದರೆ ತರಕಾರಿಯದು. ಈರುಳ್ಳಿ, ಗಜ್ಜರಿ, ಬೀನ್ಸ್, ಕೊತ್ತಂಬರಿ ದಂಟು, ನಾಲ್ಕು ಕಾಳು ಮೆಣಸು. ನೊರೆಯ ಕಾಟ ಇಲ್ಲವೆಂದೇ ಹೇಳಬೇಕು. ಮುಕ್ಕಾಲು ಗಂಟೆಗೆ ಇಳಿಸಿ. ಇನ್ನೂ ಬಿಟ್ಟರೆ ಪರಿಮಳ ಹೋಗಿ ಕಹಿ ಬರುತ್ತದೆ. ಕೋಸು, ಹೂಕೋಸು ಬೇಡ, ಬೆಂದಷ್ಟೂ ವಾಸನೆ. ಇದು ಎಂದೂ ಜೆಲ್ಲಿಯಾಗುವುದಿಲ್ಲ, ಮೂಳೆಯಲ್ಲಿರುವ ಅಂಟಿನ ಅಂಶ ತರಕಾರಿಯಲ್ಲಿ ಎಲ್ಲಿಂದ ಬರಬೇಕು ಅಲ್ವಾ? ಹಾಗಾಗಿ ತಿಳಿಯಾಗಿರುವುದೇ ಅದರ ಗುಣ.

ಯಾವುದಕ್ಕೂ ಉಪ್ಪು ಹಾಕಬೇಡಿ. ಮುಂದೆ ಬತ್ತಿಸಿ ಬಳಸುವಾಗ ಉಪ್ಪೇ ಮೇಲಾಗುತ್ತದೆ. ನಮ್ಮ ಕರಾವಳಿಯ ಸೆಕೆಗೆ ಪಾತ್ರೆಯನ್ನು ಹೊರಗೇ ಬಿಟ್ಟರೆ ಸ್ಟಾಕ್ ಕೆಟ್ಟೀತು. ಸೋಸಿ, ತಣ್ಣೀರಿನ ಟಬ್ಬಿನಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ. ಮೂರು ದಿನದೊಳಗೆ ಮುಗಿಸಿ, ಇಲ್ಲವೇ ಸಣ್ಣ ಡಬ್ಬಗಳಲ್ಲಿ ಫ್ರೀಜರಿಗೆ.