ಗೇಟು ಕೆಲಸಕ್ಕೆ ಸಾಲಿಡ್‌ವರ್ಕ್ಸ್ ವೆಲ್ಡ್‌ಮೆಂಟ್ಸ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಮನೆ ಮತ್ತು ಗೋದಾಮುಗಳ ಕಬ್ಬಿಣದ ಗೇಟುಗಳನ್ನು ವಿನ್ಯಾಸ ಮಾಡಲು ನಾನು ಹಲವು ವರ್ಷಗಳಿಂದ ಸಾಲಿಡ್‌ವರ್ಕ್ಸ್ ಎಂಬ ಕಂಪ್ಯೂಟರ್ ವಿನ್ಯಾಸ ತಂತ್ರಾಂಶದಲ್ಲಿ ಬೆಸುಗೆ ಚೌಕಟ್ಟುಗಳಿಗೆಂದೇ ಇರುವ ವೆಲ್ಡ್‌ಮೆಂಟ್ಸ್ ವಿಭಾಗವನ್ನು ಬಳಸುತ್ತಿದ್ದೇನೆ. ಗೆರೆಗಳ ನಕ್ಷೆ ಬರೆದು `Structural Member` ಮೂಲಕ ಅವುಗಳ ಮೇಲೆ ಪೈಪು ಕೂರಿಸಿದರೆ ಚೌಕಟ್ಟು ಸಿದ್ಧವಾಗುತ್ತದೆ. ಈ ಸುಲಭದಲ್ಲೇ ಎಚ್ಚರ ವಹಿಸಬೇಕಾದ ಸಂಗತಿಯೂ ಅಡಗಿದೆ.

ಮೂರು ಮೀಟರ್ ತೆರಪಿಗೆ ತಲಾ 1450 ಮಿ.ಮೀ. ಅಗಲ, 1800 ಮಿ.ಮೀ. ಎತ್ತರದ ಎರಡು ಬಾಗಿಲುಗಳ ಗೇಟನ್ನು 40×40×2 ಚೌಕ ಪೈಪಿನಲ್ಲಿ ಮಾಡಬೇಕೆಂದುಕೊಳ್ಳೋಣ. ಸಾಮಾನ್ಯವಾಗಿ ಪೈಪಿನ ನಡುಮಧ್ಯ ನಕ್ಷೆಯ ಗೆರೆಯ ಮೇಲೆ ಬಂದು ಕೂರುವುದರಿಂದ, 1450ರ ಗೆರೆ ಹಾಕಿದರೆ ಬಾಗಿಲಿನ ಹೊರ ಅಳತೆ 1490 ಆಗುತ್ತದೆ. ಕೀಲು ಮತ್ತು ನಡುವಿನ ಸಂದಿಗೆಂದು ಇಟ್ಟ 100 ಮಿ.ಮೀ. ಜಾಗದಲ್ಲಿ ಆಗ ಉಳಿಯುವುದು ಇಪ್ಪತ್ತೇ. `Locate Profile` ಒತ್ತಿ ಪೈಪಿನ ಹೊರ ಅಂಚಿನ ಬಿಂದುವನ್ನು ಗೆರೆಗೆ ಹಿಡಿಸಿದರೆ ನಕ್ಷೆಯ ಅಳತೆಯೇ ಗೇಟಿನ ಅಳತೆಯಾಗುತ್ತದೆ.

ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪದ ಪೈಪು ತಂತ್ರಾಂಶದ ಸಿದ್ಧ ಪಟ್ಟಿಯಲ್ಲಿ ಇಲ್ಲದಿದ್ದರೆ ಸಮೀಪದ ಗಾತ್ರವನ್ನು ಆರಿಸಿ ಮುಂದುವರಿಯಬಾರದು. 2 ಮಿ.ಮೀ. ಬದಲು 4 ಮಿ.ಮೀ. ಹಾಕಿದರೆ ತೂಕದ ಲೆಕ್ಕ ಹೆಚ್ಚುಕಡಿಮೆ ಇಮ್ಮಡಿಯಾಗಿ, ಕೀಲಿನ ಆಯ್ಕೆಯೂ ತಪ್ಪುತ್ತದೆ. ಬೇಕಾದ ಪೈಪಿನ ಅಡ್ಡಕೊಯ್ತವನ್ನು ಒಮ್ಮೆ ಬರೆದು `.sldlfp` ಕಡತವಾಗಿ ಉಳಿಸಿಕೊಂಡರೆ ಆಯಿತು.

ಕೊಯ್ಯಬೇಕಾದ ತುಂಡುಗಳ ಉದ್ದ ಮತ್ತು ಸಂಖ್ಯೆಯನ್ನು ತೋರಿಸುವ ಕಟ್ ಲಿಸ್ಟ್ ಬಹಳ ಉಪಯುಕ್ತ, ಆದರೆ ಅದನ್ನು ಓದುವ ರೀತಿ ತಿಳಿದಿರಬೇಕು. ಮೂಲೆಗಳನ್ನು 45 ಡಿಗ್ರಿಗೆ ಕೊಯ್ದು ಕೂಡಿಸಿದಾಗ ಅದು ತೋರಿಸುವ ಉದ್ದ ಹೊರತುದಿಯಿಂದ ಹೊರತುದಿಗೆ. ಕೆಲಸಗಾರ ಅದನ್ನು ಒಳತುದಿಗೆ ಅಳೆದರೆ ತುಂಡು 80 ಮಿ.ಮೀ. ಉದ್ದವಾಗುತ್ತದೆ. ನಮ್ಮ ಗೇಟಿಗೆ 1800ರ ನಾಲ್ಕು, 1450ರ ನಾಲ್ಕು ಮತ್ತು ನಡುವಿನ ಅಡ್ಡಪಟ್ಟಿಗೆ 1370ರ ಎರಡು ತುಂಡುಗಳು ಬೇಕು. ಒಟ್ಟು 15,740 ಮಿ.ಮೀ. ಆದ್ದರಿಂದ ಆರು ಮೀಟರಿನ ಮೂರು ಪೈಪು ಸಾಕೆನಿಸುತ್ತದೆ. ಆದರೆ ಒಂದೊಂದು ಪೈಪಿನಲ್ಲಿ ಒಂದು 1800 ಮತ್ತು ಎರಡು 1450 ಕೊಯ್ಯುತ್ತ ಹೋದರೆ ಎರಡು ಪೈಪುಗಳಲ್ಲೂ ತಲಾ 1300 ಮಾತ್ರ ಉಳಿದು ಅಡ್ಡಪಟ್ಟಿಗೆ ಬಾರದು. ಬಾಕಿ ತುಂಡುಗಳ ಮೊತ್ತ 6,340 ಆಗಿ ನಾಲ್ಕನೆಯ ಪೈಪು ತರಿಸಬೇಕಾಗುತ್ತದೆ. ಒಂದರಲ್ಲಿ ನಾಲ್ಕೂ 1450, ಇನ್ನೊಂದರಲ್ಲಿ ಮೂರು 1800, ಮಿಕ್ಕವು ಮೂರನೆಯದರಲ್ಲಿ ಎಂದು ಹಂಚಿದರೆ, ಕೊಯ್ಯುವ ಚಕ್ರ ಪ್ರತಿ ಸಲ ತಿನ್ನುವ ಸುಮಾರು 3 ಮಿ.ಮೀ. ಸೇರಿಸಿದರೂ ಮೂರರಲ್ಲೇ ಮುಗಿಯುತ್ತದೆ.

ಈ ಹಂಚಿಕೆಯನ್ನಾಗಲಿ ಚಕ್ರ ತಿನ್ನುವ ಅಳತೆಯನ್ನಾಗಲಿ ಕಟ್ ಲಿಸ್ಟ್ ಹೇಳುವುದಿಲ್ಲ. ನಾನು ಪಟ್ಟಿಯನ್ನು ಎಕ್ಸೆಲ್‌ಗೆ ಕಳಿಸಿ, ಯಾವ ತುಂಡು ಯಾವ ಪೈಪಿನದು ಎಂಬ ಕಾಲಮ್ಮನ್ನು ಕೈಯಾರೆ ತುಂಬಿ, ಆ ಹಾಳೆಯನ್ನೇ ವೆಲ್ಡಿಂಗ್ ಅಂಗಡಿಗೆ ಕೊಡುತ್ತೇನೆ.