ಪರೀಕ್ಷೆ ವಾರದ ನಿದ್ದೆ: ಬೇಗ ಮಲಗುವುದೋ, ಒಂದೇ ಹೊತ್ತಿಗೆ ಏಳುವುದೋ?

ಪರೀಕ್ಷೆ ಹತ್ತಿರ ಬಂದರೆ ನನಗೆ ಮೊದಲು ಕೈಕೊಡುವುದು ನಿದ್ದೆ. ಹೋದ ಸೆಮಿಸ್ಟರಿನಲ್ಲಿ ಅದಕ್ಕೆ ಮದ್ದು ಅಂತ ದಿನಾ ರಾತ್ರಿ ಬೇಗ ಮಲಗಲು ನೋಡಿದೆ. ಈ ಸೆಮಿಸ್ಟರಿನಲ್ಲಿ ಮಲಗುವ ಹೊತ್ತಿನ ಗೊಡವೆ ಬಿಟ್ಟು, ಏಳುವ ಹೊತ್ತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆ. ಇವೆರಡರ ಜೊತೆಗೆ, ಮಲಗುವ ಮುಂಚೆ ನಾಳೆಯ ಕೆಲಸಗಳನ್ನು ಹಾಳೆಯ ಮೇಲೆ ಬರೆದಿಡುವ ಅಭ್ಯಾಸವನ್ನೂ ಮಾಡಿ ನೋಡಿದ್ದೇನೆ. ಈಗಲೇ ಹೇಳಿಬಿಡುತ್ತೇನೆ, ನನ್ನ ಓಟು ಏಳುವ ಹೊತ್ತಿಗೆ. ಆದರೆ ಅದರಲ್ಲಿ ಒಂದು ತೊಡಕಿದೆ, ಅದನ್ನು ಬಿಡಿಸಿಕೊಳ್ಳದೆ ಶುರುಮಾಡಿದರೆ ಎರಡೇ ದಿನಕ್ಕೆ ಕೈಬಿಡುತ್ತೀರಿ.

ಮೊದಲು ಬೇಗ ಮಲಗುವ ವಿಷಯ. ನಾನು ಸಾಮಾನ್ಯವಾಗಿ ಮಲಗುತ್ತಿದ್ದದ್ದು ರಾತ್ರಿ 1ಕ್ಕೆ, ಏಳುತ್ತಿದ್ದದ್ದು 8.30ಕ್ಕೆ. ಪರೀಕ್ಷೆ ಬೆಳಗ್ಗೆ ಇತ್ತು. ಹಾಗಾಗಿ 9.30ಕ್ಕೆ ದೀಪ ಆರಿಸಿ, 5.30ಕ್ಕೆ ಎದ್ದು ಓದೋಣ ಅಂದುಕೊಂಡೆ. ಲೆಕ್ಕಕ್ಕೆ ಎಂಟು ಗಂಟೆ ನಿದ್ದೆ. ಆದದ್ದೇ ಬೇರೆ. ಮೊದಲ ರಾತ್ರಿ ಕತ್ತಲಲ್ಲಿ ಮಗ್ಗುಲು ಬದಲಿಸುತ್ತಾ ಹೆಚ್ಚುಕಡಿಮೆ ನಾಲ್ಕು ಗಂಟೆ ಬಿದ್ದುಕೊಂಡಿದ್ದೆ. ಓದಿದ್ದೆಲ್ಲ ತಲೆಯಲ್ಲಿ ತಿರುಗುತ್ತಿತ್ತು, ಓದದೇ ಉಳಿದದ್ದು ಅದಕ್ಕಿಂತ ಜೋರಾಗಿ ತಿರುಗುತ್ತಿತ್ತು. ಒಂದೂವರೆ ದಾಟಿದ ಮೇಲೆ ಯಾವಾಗಲೋ ಕಣ್ಣು ಹತ್ತಿತು. 5.30ರ ಅಲಾರಂ ಆರಿಸಿದ್ದು ನೆನಪೇ ಇಲ್ಲ, ಎದ್ದಾಗ 8.15. ಮರುದಿನವೂ ಇದೇ. ಮೂರನೆಯ ರಾತ್ರಿಯ ಹೊತ್ತಿಗೆ ಹಾಸಿಗೆ ಕಂಡರೇ ಎದೆ ಡವಗುಟ್ಟುತ್ತಿತ್ತು.

ಇದು ಯಾಕೆ ಹೀಗೆ ಅನ್ನುವುದು ಆಮೇಲೆ ಗೊತ್ತಾಯಿತು. ನಿದ್ದೆ ಬರಲು ಎರಡು ಸಂಗತಿ ಕೂಡಿಬರಬೇಕು. ಒಂದು, ಎಚ್ಚರವಾಗಿದ್ದಷ್ಟೂ ಮೈಯಲ್ಲಿ ಕೂಡುತ್ತಾ ಹೋಗುವ ನಿದ್ದೆಯ ಹಸಿವು. ಇನ್ನೊಂದು, ಮಿದುಳಿನಲ್ಲಿರುವ ದಿನದ ಗಡಿಯಾರ. 8.15ಕ್ಕೆ ಎದ್ದವಳಿಗೆ ರಾತ್ರಿ 9.30ಕ್ಕೆ ಆ ಹಸಿವು ಸಾಕಷ್ಟು ಕೂಡಿರುವುದಿಲ್ಲ. ಅದರ ಮೇಲೆ ಈ ಗಡಿಯಾರ ನಾವು ದಿನಾ ಮಲಗುವ ಹೊತ್ತಿಗೆ ಮುಂಚಿನ ಕೆಲವು ಗಂಟೆಗಳಲ್ಲಿ ನಮ್ಮನ್ನು ಬಲವಾಗಿ ಎಚ್ಚರವಾಗಿಡುತ್ತದೆ. ಅಂದರೆ ಇಡೀ ಸಂಜೆಯಲ್ಲಿ ನಿದ್ದೆ ಬರುವುದು ತೀರಾ ಕಷ್ಟವಾದ ಹೊತ್ತನ್ನೇ ನಾನು ಆರಿಸಿಕೊಂಡಿದ್ದೆ. ಮಲಗುವುದನ್ನು ನಾವು ತೀರ್ಮಾನಿಸಬಹುದು, ನಿದ್ದೆ ಬರುವುದನ್ನು ಆಗುವುದಿಲ್ಲ. ಏಳುವುದು ಮಾತ್ರ, ಕಷ್ಟವಾದರೂ, ನಮ್ಮ ಕೈಯಲ್ಲಿದೆ.

ಈ ಸಲ ಅದನ್ನೇ ಹಿಡಿದೆ. ಪರೀಕ್ಷೆ ಸೋಮವಾರ ಬೆಳಗ್ಗೆ 9.30ಕ್ಕೆ. ಅದಕ್ಕೆ ಎಂಟು ದಿನ ಮುಂಚೆ, ಭಾನುವಾರ, 6.30ಕ್ಕೆ ಎದ್ದೆ. ಹಿಂದಿನ ರಾತ್ರಿ ನಿದ್ದೆ ಬಂದಾಗ ಒಂದೂ ಕಾಲು, ಅಂದರೆ ಐದೂ ಕಾಲು ಗಂಟೆಯ ನಿದ್ದೆ. ಎದ್ದ ತಕ್ಷಣ ಹೊರಗೆ ಹೋಗಿ ಇಪ್ಪತ್ತು ನಿಮಿಷ ಬೆಳಕಿನಲ್ಲಿ ಓಡಾಡಿದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಒಳಗಿನ ಗಡಿಯಾರ ಮುಂದಕ್ಕೆ ಸರಿದು, ರಾತ್ರಿ ನಿದ್ದೆ ಬೇಗ ಬರಲು ದಾರಿಯಾಗುತ್ತದೆ. ಮೋಡವಿದ್ದರೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಆ ಭಾನುವಾರ ಸುಲಭವಾಗಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ಪುಸ್ತಕದ ಅಕ್ಷರ ಅಲುಗಾಡುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಕುರ್ಚಿಯಲ್ಲೇ ಒರಗಿದೆ, ಅಷ್ಟೇ. ಹಾಸಿಗೆಗೆ ಹೋಗಿದ್ದರೆ ಎರಡು ಗಂಟೆ ಮಲಗಿ, ರಾತ್ರಿಗೆಂದು ಕೂಡಿಟ್ಟ ನಿದ್ದೆಯ ಹಸಿವನ್ನೆಲ್ಲ ಸಂಜೆಯೇ ತೀರಿಸಿಕೊಳ್ಳುತ್ತಿದ್ದೆ. ರಾತ್ರಿ 10.45ಕ್ಕೆ ಒಂದೇ ಸಾಲನ್ನು ಮೂರು ಸಲ ಓದಿದೆ, ಮೂರು ಸಲವೂ ಏನೂ ತಲೆಗೆ ಹೋಗಲಿಲ್ಲ. ದೀಪ ಆರಿಸಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ.

ಸೋಮವಾರ ರಾತ್ರಿ ಮತ್ತೆ ಹನ್ನೆರಡೂ ಕಾಲು ಆಯಿತು. ಆದರೂ ಬೆಳಗ್ಗೆ 6.30ಕ್ಕೇ ಎದ್ದೆ. ಇಡೀ ಉಪಾಯ ನಿಂತಿರುವುದು ಇಲ್ಲೇ. ಕೆಟ್ಟ ರಾತ್ರಿಯ ಮರುದಿನ ತಡವಾಗಿ ಎದ್ದರೆ ಮುಂದಿನ ರಾತ್ರಿಯೂ ಕೆಡುತ್ತದೆ. ಬುಧವಾರದಿಂದ ಹನ್ನೊಂದರ ಆಸುಪಾಸಿಗೆ ನಿದ್ದೆ ತಾನಾಗಿ ಬರತೊಡಗಿತು.

ಈಗ ಆ ತೊಡಕು. ಏಳುವ ಹೊತ್ತಿನ ಜೊತೆ ಇನ್ನೊಂದು ನಿಯಮವೂ ಬರುತ್ತದೆ: ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗಬೇಕು, ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಹೊರಬರಬೇಕು. ಇದನ್ನು 1972ರಲ್ಲಿ ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞ ರೂಪಿಸಿದರು, ನಿದ್ರಾಹೀನತೆಗೆ ಇವತ್ತಿಗೂ ಇದನ್ನೇ ಹೇಳಿಕೊಡುತ್ತಾರೆ. ಹಾಸಿಗೆಯಲ್ಲಿ ಎಚ್ಚರವಾಗಿ ಒದ್ದಾಡಿದಷ್ಟೂ ಹಾಸಿಗೆ ಅಂದರೆ ಒದ್ದಾಟ ಅನ್ನುವುದು ಮೈಗೆ ರೂಢಿಯಾಗುತ್ತದೆ, ಆ ಗಂಟನ್ನು ಬಿಚ್ಚುವುದು ಇದರ ಉದ್ದೇಶ.

ಓದುವುದಕ್ಕೆ ಸರಳ. ಆದರೆ ಇಪ್ಪತ್ತು ನಿಮಿಷ ಆಯಿತು ಅಂತ ಗೊತ್ತಾಗುವುದು ಹೇಗೆ? ನಾನು ಮೊಬೈಲ್ ನೋಡಿದೆ. 11.52. ಮತ್ತೆ ನೋಡಿದೆ, 11.58. ಮತ್ತೆ, 12.07. ಪ್ರತಿ ಸಲವೂ ತಲೆ ತಾನಾಗಿ ಲೆಕ್ಕ ಹಾಕುತ್ತಿತ್ತು: ಈಗ ನಿದ್ದೆ ಬಂದರೆ ಆರೂವರೆ ಗಂಟೆ, ಈಗ ಬಂದರೆ ಆರು ಗಂಟೆ ಇಪ್ಪತ್ತು ನಿಮಿಷ. ಆ ಲೆಕ್ಕ ಶುರುವಾದರೆ ಮುಗಿಯಿತು, ಎಷ್ಟು ಸುಸ್ತಾಗಿದ್ದರೂ ಎಚ್ಚರ ಪೂರ್ತಿ ಆಗಿಬಿಡುತ್ತದೆ. ಪಕ್ಕದ ಮಂಚದ ಗೆಳತಿ ತಲೆ ಎತ್ತಿ, "ಏನೇ, ಎಷ್ಟು ಸಲ ಮೊಬೈಲ್ ಹಚ್ತೀಯ? ಬೆಳಕು ನನ್ನ ಮುಖಕ್ಕೇ ಬೀಳ್ತಿದೆ," ಅಂದಾಗಲೇ ನನಗೆ ಹೊಳೆದದ್ದು, ನಾನು ನಿದ್ದೆ ಮಾಡುತ್ತಿಲ್ಲ, ನಿದ್ದೆಯ ಹಾಜರಿ ತೆಗೆದುಕೊಳ್ಳುತ್ತಿದ್ದೇನೆ ಅಂತ.

ಮರುದಿನದಿಂದ ಅಲಾರಂ ಇಟ್ಟ ಮೊಬೈಲನ್ನು ಮುಖ ಕೆಳಗೆ ಮಾಡಿ ಕೋಣೆಯ ಆಚೆ ತುದಿಯ ಮೇಜಿನ ಮೇಲಿಟ್ಟೆ. ಮಲಗಿದಲ್ಲಿಂದ ಕೈಗೆ ಸಿಗಬಾರದು, ಬೆಳಗ್ಗೆ ಆರಿಸಲು ಎದ್ದು ನಡೆಯಲೇಬೇಕು. ನಿಮಿಷದ ಲೆಕ್ಕವನ್ನೂ ಬಿಟ್ಟೆ. ಇಪ್ಪತ್ತು ನಿಮಿಷ ಅನ್ನುವುದು ಒಂದು ಅಂದಾಜು ಮಾತ್ರ. 'ಇನ್ನೂ ಬಂದಿಲ್ಲವಲ್ಲ' ಅಂತ ಸಿಡಿಮಿಡಿ ಶುರುವಾಯಿತೋ, ಅದೇ ಏಳುವ ಗುರುತು ಅಂತ ಮಾಡಿಕೊಂಡೆ.

ಎದ್ದು ಏನು ಮಾಡಬೇಕು ಅನ್ನುವುದು ತೊಡಕಿನ ಇನ್ನೊಂದು ಮಗ್ಗುಲು. ಗುರುವಾರ ರಾತ್ರಿ ನಡುವೆ ಎಚ್ಚರವಾಯಿತು. ಹೇಗೂ ಎದ್ದಿದ್ದೇನಲ್ಲ ಅಂತ ಮೇಜಿನ ದೀಪ ಹಚ್ಚಿ ಪರೀಕ್ಷೆಯದೇ ಟಿಪ್ಪಣಿ ತೆಗೆದೆ. ಗೊತ್ತಿಲ್ಲದ ಒಂದು ಪ್ರಶ್ನೆ ಕಣ್ಣಿಗೆ ಬಿತ್ತು, ಅಲ್ಲಿಗೆ ಆ ರಾತ್ರಿ ಮುಗಿಯಿತು. ಶನಿವಾರ ಮತ್ತೆ ಎಚ್ಚರವಾದಾಗ ಬೇರೆ ಮಾಡಿದೆ. ಬಾಗಿಲ ಆಚೆಯ ಮಂದ ಬೆಳಕಿನಲ್ಲಿ ಕುರ್ಚಿ ಹಾಕಿಕೊಂಡು, ಹಿಂದೆ ಎರಡು ಸಲ ಓದಿದ್ದ ಕಥೆಪುಸ್ತಕ ಹಿಡಿದೆ. ಮುಂದೇನಾಗುತ್ತದೆ ಅಂತ ಗೊತ್ತಿರುವ ಪುಸ್ತಕವೇ ಆಗಬೇಕು, ಕುತೂಹಲ ಹುಟ್ಟಿಸುವುದು ಬೇಡ. ಬೇಸರವಾಯಿತು ಅಂತ ವಾಪಸ್ ಹೋಗಬಾರದು. ರೆಪ್ಪೆ ಭಾರವಾಗಿ ಕತ್ತು ವಾಲತೊಡಗಿದ ಮೇಲೆ ಹೋಗಬೇಕು. ಹಾಗೇ ಮಾಡಿದೆ, ನಿದ್ದೆ ಬಂತು. ಕೋಣೆಯಲ್ಲಿ ಇನ್ನೊಬ್ಬರಿದ್ದು ಹೊರಗೆ ಕೂರಲು ಜಾಗವಿಲ್ಲದಿದ್ದರೆ ಹಾಸಿಗೆಯ ಮೇಲೇ ಗೋಡೆಗೆ ಒರಗಿ, ಹೊದಿಕೆ ಸರಿಸಿ ಕೂರಬಹುದು. ಪೂರ್ತಿ ಎದ್ದು ಬಂದಷ್ಟು ಒಳ್ಳೆಯದಲ್ಲ, ಆದರೆ ಬಿದ್ದುಕೊಂಡು ಒದ್ದಾಡುವುದಕ್ಕಿಂತ ವಾಸಿ. ಹಗಲು ಹಾಸಿಗೆಯ ಮೇಲೆ ಕೂತು ಓದುವುದನ್ನೂ ಆ ವಾರ ಬಿಟ್ಟಿದ್ದೆ.

ಬರೆದಿಡುವ ಅಭ್ಯಾಸ ಇದಕ್ಕೆ ಎದುರಾಳಿ ಅನ್ನುವುದಕ್ಕಿಂತ ಜೊತೆಗಾರ. 2018ರಲ್ಲಿ ಮೈಕಲ್ ಸ್ಕಲಿನ್ ಮತ್ತು ಜೊತೆಯವರು ಪ್ರಕಟಿಸಿದ ಅಧ್ಯಯನದಲ್ಲಿ 57 ಯುವಜನರು ಮಲಗುವ ಮುಂಚೆ ಐದು ನಿಮಿಷ ಬರೆದರು. ಮುಂದೆ ಮಾಡಬೇಕಾದ ಕೆಲಸ ಬರೆದವರಿಗೆ, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಮುಂಚೆ ನಿದ್ದೆ ಬಂತು. ಪಟ್ಟಿ ಬಿಡಿಬಿಡಿಯಾಗಿ, ವಿವರವಾಗಿದ್ದಷ್ಟೂ ಒಳ್ಳೆಯದು. ನನ್ನ ಅನುಭವವೂ ಅದೇ. 'ಭೌತಶಾಸ್ತ್ರ ಓದಬೇಕು' ಅಂತ ಬರೆದ ರಾತ್ರಿ ಏನೂ ಉಪಯೋಗವಾಗಲಿಲ್ಲ. '7.15ಕ್ಕೆ ಮೂರನೆಯ ಘಟಕದ 4ರಿಂದ 9ರ ತನಕ ಲೆಕ್ಕ, ಆಮೇಲೆ ಹೋದ ವರ್ಷದ ಪ್ರಶ್ನೆಪತ್ರಿಕೆಯ ಮೊದಲ ಭಾಗ' ಅಂತ ಬರೆದ ರಾತ್ರಿ ತಲೆ ಆ ವಿಷಯವನ್ನು ಹಾಳೆಗೆ ಒಪ್ಪಿಸಿ ಸುಮ್ಮನಾಯಿತು. ಹಾಸಿಗೆಯಲ್ಲಿ ಕೂತು ಬರೆಯಬೇಡಿ, ಮೇಜಿನಲ್ಲೇ ಬರೆದು ಹಾಳೆಯನ್ನು ಪುಸ್ತಕದ ಮೇಲಿಟ್ಟು ಬನ್ನಿ. ಆದರೆ ರಾತ್ರಿ 9.30ಕ್ಕೆ ಬಲವಂತವಾಗಿ ಮಲಗಿದರೆ ಈ ಪಟ್ಟಿಯೂ ಕಾಪಾಡುವುದಿಲ್ಲ.

ಉಳಿದವು ಚಿಕ್ಕವು. ಕಾಫಿಯನ್ನು ಮಧ್ಯಾಹ್ನದ ನಂತರ ಮುಟ್ಟಲಿಲ್ಲ, ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲೇ ಸುಮಾರು ಐದು ಗಂಟೆ ಬೇಕು. ಮಲಗಲು ಒಂದೆರಡು ಗಂಟೆ ಮುಂಚೆ ಬಿಸಿನೀರಿನ ಸ್ನಾನ ಹಿತವಾಗಿತ್ತು, ಆಮೇಲೆ ಮೈ ತಣಿಯುವಾಗ ನಿದ್ದೆ ಸುಲಭ. ಕಣ್ಣಿಗೆ ಕಟ್ಟುವ ಪಟ್ಟಿ ಕೊಂಡಿದ್ದೆ, ಬೆಳಗಿನ ಬೆಳಕನ್ನೂ ತಡೆಯುತ್ತಿದ್ದರಿಂದ ತೆಗೆದಿಟ್ಟೆ. ನಿದ್ದೆ ಮಾತ್ರೆಯನ್ನು ಪರೀಕ್ಷೆ ವಾರದಲ್ಲಿ ಮೊದಲ ಸಲ ನುಂಗಿ ನೋಡುವ ಧೈರ್ಯ ಯಾರೂ ಮಾಡಬೇಡಿ, ಮಂಪರು ಮರುದಿನದ ಬೆಳಗಿಗೂ ಉಳಿಯಬಹುದು.

ನನ್ನ ತೀರ್ಮಾನ ನನ್ನ ರೂಢಿಗೆ ತಕ್ಕದ್ದು. ನಾನು ತಡವಾಗಿ ಮಲಗುವವಳು, ಕೈಯಲ್ಲಿ ದುಡ್ಡೂ ಕಡಿಮೆ, ಈ ಉಪಾಯಕ್ಕೆ ಒಂದು ಅಲಾರಂ ಬಿಟ್ಟರೆ ಏನೂ ಬೇಡ. ಆದರೆ ಪರೀಕ್ಷೆಗೆ ಇನ್ನೆರಡೇ ದಿನ ಇದೆಯೆಂದರೆ ಇದನ್ನು ಶುರುಮಾಡಬೇಡಿ. ಮೊದಲ ದಿನದ ಸುಸ್ತು ನೇರ ಪರೀಕ್ಷೆಯ ಹಾಲಿಗೇ ಬರುತ್ತದೆ. ಆಗ ನಿಮ್ಮ ದಿನಾ ಮಲಗುವ ಹೊತ್ತನ್ನೇ ಉಳಿಸಿಕೊಂಡು, ಪಟ್ಟಿ ಬರೆದು, ಮೊಬೈಲನ್ನು ದೂರ ಇಡುವುದಷ್ಟೇ ಸಾಕು. ಪರೀಕ್ಷೆ ಮುಗಿದು ವಾರಗಳಾದರೂ ನಿದ್ದೆ ಸರಿಹೋಗದಿದ್ದರೆ ಅದು ವೈದ್ಯರಿಗೆ ತೋರಿಸಬೇಕಾದ ವಿಷಯ. ಮೂರ್ಛೆ ರೋಗ ಇರುವವರು, ಮನಸ್ಸಿನ ಏರಿಳಿತಕ್ಕೆ ಔಷಧಿ ತೆಗೆದುಕೊಳ್ಳುವವರು ನಿದ್ದೆ ಕಡಿಮೆ ಮಾಡುವ ಯಾವ ಉಪಾಯಕ್ಕೂ ಕೈಹಾಕುವ ಮುಂಚೆಯೇ ವೈದ್ಯರನ್ನು ಕೇಳಬೇಕು.

ಪರೀಕ್ಷೆಯ ಹಿಂದಿನ ರಾತ್ರಿ ನನಗೆ ನಿದ್ದೆ ಬಂದಾಗ ಹನ್ನೊಂದು ದಾಟಿತ್ತು, ಎಷ್ಟು ದಾಟಿತ್ತೋ ನೋಡಲಿಲ್ಲ. 6.30ಕ್ಕೆ ಅಲಾರಂ ಹೊಡೆಯುವ ಸ್ವಲ್ಪ ಮುಂಚೆ ತಾನಾಗಿ ಎಚ್ಚರವಾಯಿತು. ಎದ್ದು ಹೋಗಿ ಮೊಬೈಲ್ ತಿರುಗಿಸಿ ಅಲಾರಂ ಆರಿಸಿದೆ, ಗೆಳತಿ ಇನ್ನೂ ಮಲಗಿದ್ದಳು.