ಮೈನ್‌ಕ್ರಾಫ್ಟ್ ಸರ್ವರ್ ಸೇರಲು ಅಪರಿಚಿತರ ಡಿಎನ್‌ಎಸ್ ಸಂಖ್ಯೆ ಹಾಕಬೇಡಿ

ವಿಜಯಪುರದ ನಾವು ಕೆಲವರು ಗೆಳೆಯರು ಕಂಪ್ಯೂಟರ್‌ನ ಜಾವಾ ಆವೃತ್ತಿಗಾಗಿ ಒಂದು ಮೈನ್‌ಕ್ರಾಫ್ಟ್ ಸರ್ವರ್ ನಡೆಸುತ್ತೇವೆ. ಮೊಬೈಲ್ ಹಾಗೂ ಗೇಮ್ ಕನ್ಸೋಲ್‌ಗಳಲ್ಲಿ ನಡೆಯುವ ಬೆಡ್‌ರಾಕ್ ಆವೃತ್ತಿಯವರೂ ಬರಲೆಂದು ಅದರಲ್ಲಿ ಗೀಸರ್ ಹಾಗೂ ಫ್ಲಡ್‌ಗೇಟ್ ಎಂಬ ತಂತ್ರಾಂಶಗಳನ್ನು ಹಾಕಿದ್ದೇವೆ. ಮೊಬೈಲ್‌ನವರು ವಿಳಾಸವನ್ನೂ 19132 ಎಂಬ ಪೋರ್ಟನ್ನೂ ಬರೆದು ಒಳಗೆ ಬರುತ್ತಾರೆ. ಆದರೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್‌ಗಳಲ್ಲಿ ವಿಳಾಸ ಬರೆಯುವ ಜಾಗವೇ ಇಲ್ಲ. ಕಂಪನಿ ಆರಿಸಿದ ಕೆಲವು ಸರ್ವರ್‌ಗಳಷ್ಟೇ ಪಟ್ಟಿಯಲ್ಲಿ ಕಾಣುತ್ತವೆ.

ಈ ಅಡಚಣೆ ದಾಟಲು ಡಿಎನ್‌ಎಸ್, ಅಂದರೆ ಹೆಸರು ಕೇಳಿದರೆ ಅದರ ಯಂತ್ರದ ವಿಳಾಸ ತಿಳಿಸುವ ವ್ಯವಸ್ಥೆಯನ್ನು, ಬದಲಿಸುವ ಉಪಾಯವೊಂದು ಬಳಕೆಯಲ್ಲಿದೆ. ಆಟ ಪಟ್ಟಿಯಲ್ಲಿನ ಸರ್ವರ್‌ನ ಹೆಸರನ್ನು ಕೇಳಿದಾಗ, ಬದಲಿ ಡಿಎನ್‌ಎಸ್ ಬೇರೊಂದು ಯಂತ್ರದ ವಿಳಾಸವನ್ನು ಕೊಡುತ್ತದೆ. ಆ ಯಂತ್ರ ತೋರಿಸುವ ಪುಟದಲ್ಲಿ ನಮಗೆ ಬೇಕಾದ ವಿಳಾಸ ಬರೆಯಬಹುದು. ಉಪಾಯ ಕೆಲಸ ಮಾಡುತ್ತದೆ, ಆದರೆ ಹಾಕುವ ಡಿಎನ್‌ಎಸ್ ಸಂಖ್ಯೆ ಯಾರದೆಂಬುದೇ ಇಲ್ಲಿ ಮುಖ್ಯ. ನಮ್ಮ ಆಟಗಾರರ ಗುಂಪಿನಲ್ಲಿ ಯಾರೋ ಹಂಚಿದ ಸಂಖ್ಯೆಯೊಂದನ್ನು ಬಾಗಲಕೋಟೆಯ ಹುಡುಗನೊಬ್ಬನ ಮನೆಯಲ್ಲಿ ಪ್ಲೇಸ್ಟೇಷನ್‌ಗೆ ಬದಲು ರೌಟರ್‌ಗೇ, ಮೊದಲನೆಯ ಹಾಗೂ ಎರಡನೆಯ ಡಿಎನ್‌ಎಸ್ ಎರಡರಲ್ಲೂ ಹಾಕಿದ್ದರು. ಕೆಲವು ದಿನ ಆಟ ನಡೆಯಿತು. ಆಮೇಲೆ ಆ ಸಂಖ್ಯೆಯ ಡಿಎನ್‌ಎಸ್ ಯಂತ್ರವೇ ನಿಂತುಹೋಯಿತು.

“ಕಾಕಾ, ವೈಫೈ ಫುಲ್ ತೋರಸ್ತದ, ಆದ್ರ ಏನೂ ತೆರಿಯವಲ್ದು, ಅಪ್ಪನ ಫೋನ್‌ನಾಗೂ ಹಂಗ” ಎಂದು ಹುಡುಗ ಫೋನ್ ಮಾಡಿದ. ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಲು ಹೇಳಿದೆ, ಎಲ್ಲವೂ ತೆರೆಯಿತು. ರೌಟರ್‌ನ ಡಿಎನ್‌ಎಸ್ ಅನ್ನು ‘ಆಟೋಮ್ಯಾಟಿಕ್’ಗೆ ಮರಳಿಸಿದೊಡನೆ ಮನೆಯ ನೆಟ್ ಸರಿಯಾಯಿತು. ಯಂತ್ರ ನಿಂತದ್ದು ಇಲ್ಲಿ ಕಡಿಮೆ ಕೇಡು ಎಂದೇ ನನ್ನ ಅಭಿಪ್ರಾಯ. ಡಿಎನ್‌ಎಸ್ ನಡೆಸುವವರಿಗೆ ಮನೆಯವರು ಯಾವ ಯಾವ ತಾಣ ಕೇಳುತ್ತಾರೆಂಬುದು ತಿಳಿಯುತ್ತದೆ, ಮನಸ್ಸು ಮಾಡಿದರೆ ಅವರು ಹೆಸರೊಂದನ್ನು ತಪ್ಪು ಜಾಗಕ್ಕೂ ಕಳಿಸಬಲ್ಲರು.

ಈಗ ನಾವು MCXboxBroadcast ಎಂಬ ತಂತ್ರಾಂಶ ಬಳಸುತ್ತಿದ್ದೇವೆ. ಸರ್ವರ್‌ಗೆಂದೇ ತೆರೆದ ಮೈಕ್ರೋಸಾಫ್ಟ್ ಖಾತೆಯೊಂದನ್ನು ಆಟಗಾರರು ಸ್ನೇಹಿತರ ಪಟ್ಟಿಗೆ ಸೇರಿಸಿಕೊಂಡರೆ, ಆಟದ ‘ಫ್ರೆಂಡ್ಸ್’ ಭಾಗದಲ್ಲಿ ನಮ್ಮ ಸರ್ವರ್ ಸೇರಬಹುದಾದ ಆಟವಾಗಿ ಕಾಣುತ್ತದೆ; ಮನೆಯ ನೆಟ್‌ನಲ್ಲಿ ಏನನ್ನೂ ಮುಟ್ಟಬೇಕಿಲ್ಲ. ಇದೂ ಕಂಪನಿಯೇ ಕೊಟ್ಟ ಸೌಲಭ್ಯವಲ್ಲ, ಆದ್ದರಿಂದ ಸರ್ವರ್ ನಡೆಸುವವರು ಸ್ವಂತ ಖಾತೆಯನ್ನು ಇದಕ್ಕೆ ಎಂದೂ ಕೊಡಬಾರದು. ಪ್ಲೇಸ್ಟೇಷನ್ ಮತ್ತು ಸ್ವಿಚ್‌ನವರು ಆಟದೊಳಗೆ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಿರಬೇಕು. ಮಕ್ಕಳ ಖಾತೆಯಾದರೆ ಸ್ನೇಹಿತರನ್ನು ಸೇರಿಸಲು ಮತ್ತು ಇತರರೊಂದಿಗೆ ಆಡಲು ಪಾಲಕರ ಅನುಮತಿ ಬೇಕಾಗುತ್ತದೆ. ಅದಿಲ್ಲದಿದ್ದರೆ ಸರ್ವರ್ ಕಾಣಿಸುವುದಿಲ್ಲ, ಇಲ್ಲವೇ ಕಂಡರೂ ಒಳಗೆ ಬಿಡುವುದಿಲ್ಲ.

ಆಗಲೂ ಸೇರಲಾಗದಿದ್ದರೆ ಡಿಎನ್‌ಎಸ್ ಕಡೆ ಹೋಗುವ ಮೊದಲು ಮೊಬೈಲ್ ಡೇಟಾದಲ್ಲಿರುವ ಫೋನ್‌ನಿಂದ ವಿಳಾಸ ಬರೆದು ಪ್ರಯತ್ನಿಸಿ. ಫೋನೂ ಸೇರದಿದ್ದರೆ ದೋಷ ಸರ್ವರ್ ಕಡೆಯದು. ಬಹಳ ಸಲ 19132 ಅನ್ನು ಟಿಸಿಪಿಗೆ ಮಾತ್ರ ತೆರೆದಿರುತ್ತಾರೆ, ಬೆಡ್‌ರಾಕ್‌ಗೆ ಬೇಕಾದದ್ದು ಯುಡಿಪಿ.